ಬ್ರೌಸರ್ ನಿರ್ವಹಣೆ: ಎಕ್ಸ್‌ಟೆನ್ಷನ್, ಪಾಸ್‌ವರ್ಡ್, ಬುಕ್‌ಮಾರ್ಕ್

ಬೇಡದ ಎಕ್ಸ್‌ಟೆನ್ಷನ್ ತೆಗೆಯುವುದು, ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಕಾಪಾಡಿಕೊಳ್ಳುವುದು, ಕಂಪ್ಯೂಟರಿನಲ್ಲೂ ಫೋನಿನಲ್ಲೂ ಒಂದೇ ಬುಕ್‌ಮಾರ್ಕ್ ಕಾಣುವಂತೆ ಮಾಡುವುದು: ಬ್ರೌಸರ್ ಬಳಸುವವರು ಈ ಮೂರನ್ನೂ ಬೇರೆ ಬೇರೆ ಕೆಲಸಗಳೆಂದು ತಿಳಿಯುತ್ತಾರೆ, ಬೇರೆ ಬೇರೆ ದಿನ ಮಾಡುತ್ತಾರೆ. ತಾಂತ್ರಿಕವಾಗಿ ನೋಡಿದರೆ ಮೂರೂ ಒಂದೇ ಕಟ್ಟಿನವು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗಳಲ್ಲಿ ಇವೆಲ್ಲ ‘ಪ್ರೊಫೈಲ್’ ಎಂಬ ಒಂದೇ ಫೋಲ್ಡರಿನಲ್ಲಿ ಇರುತ್ತವೆ. ಖಾತೆಗೆ ಲಾಗಿನ್ ಆಗಿದ್ದರೆ ಇವುಗಳದೇ ನಕಲು ಸರ್ವರಿನಲ್ಲೂ ಇರುತ್ತದೆ. ಆದ್ದರಿಂದ ಒಂದನ್ನು ಮುಟ್ಟಿದಾಗ ಉಳಿದೆರಡಕ್ಕೂ ಪರಿಣಾಮ ತಟ್ಟುತ್ತದೆ. ಎಕ್ಸ್‌ಟೆನ್ಷನ್ ತೆಗೆಯುವ ಮೊದಲೇ ಪಾಸ್‌ವರ್ಡ್ ಬದಲಿಸಿದರೆ ಹೊಸ ಪಾಸ್‌ವರ್ಡೂ ಕದಿಯುವವರ ಕೈಗೆ ಸಿಗಬಹುದು. ಸಿಂಕ್ ಅರ್ಥವಾಗದೆ ಬುಕ್‌ಮಾರ್ಕ್ ಅಳಿಸಿದರೆ ಎಲ್ಲ ಸಾಧನಗಳಲ್ಲೂ ಅವು ಹೋಗುತ್ತವೆ. ಇಲ್ಲಿ ಏನು ಮಾಡಬೇಕು ಎಂಬುದಕ್ಕಿಂತ ಯಾವುದನ್ನು ಮೊದಲು ಮಾಡಬೇಕು ಎಂಬುದೇ ಹೆಚ್ಚು ಮುಖ್ಯ. ಈ ಲೇಖನ ವಿಂಡೋಸ್ ಕಂಪ್ಯೂಟರಿನ ಕ್ರೋಮ್ ಬ್ರೌಸರನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದೆ. ಫೈರ್‌ಫಾಕ್ಸ್ ಭಿನ್ನವಾಗಿರುವ ಕಡೆ ಅದನ್ನು ಹೇಳಿದೆ.

ಮೊದಲು ಎಕ್ಸ್‌ಟೆನ್ಷನ್‌ಗಳನ್ನೇ ನೋಡೋಣ, ಏಕೆಂದರೆ ಅಪಾಯ ಒಳಗೆ ಬರುವುದು ಹೆಚ್ಚಾಗಿ ಆ ದಾರಿಯಿಂದ. ಎಕ್ಸ್‌ಟೆನ್ಷನ್ ಎಂದರೆ ಬ್ರೌಸರಿನೊಳಗೆ ಓಡುವ ಪುಟ್ಟ ಪ್ರೋಗ್ರಾಂ. ಸ್ಥಾಪಿಸುವಾಗ ಅದು ಅನುಮತಿ ಕೇಳುತ್ತದೆ. ಅವುಗಳಲ್ಲಿ ಗಮನಿಸಲೇಬೇಕಾದದ್ದು “Read and change all your data on all websites” ಎಂಬುದು. ಈ ಅನುಮತಿ ಪಡೆದ ಎಕ್ಸ್‌ಟೆನ್ಷನ್ ನೀವು ತೆರೆದ ಪ್ರತಿ ಪುಟದಲ್ಲೂ ತನ್ನ ಕೋಡನ್ನು ಸೇರಿಸಬಲ್ಲದು. ಅಂದರೆ ಬ್ಯಾಂಕಿನ ಪುಟದಲ್ಲಿ ನೀವು ಒತ್ತುವ ಅಕ್ಷರಗಳೂ ಅದಕ್ಕೆ ಕಾಣುತ್ತವೆ. ಬ್ರೌಸರಿನ ಪಾಸ್‌ವರ್ಡ್ ಸಂಗ್ರಹವನ್ನು ನೇರವಾಗಿ ತೆರೆಯುವ ಸೌಲಭ್ಯವನ್ನು ಯಾವ ಎಕ್ಸ್‌ಟೆನ್ಷನ್‌ಗೂ ಕೊಟ್ಟಿಲ್ಲ ಎಂಬುದು ನಿಜ. ಆದರೆ ಪಾಸ್‌ವರ್ಡ್ ಸಂಗ್ರಹದಿಂದ ಹೊರಬಂದು ಲಾಗಿನ್ ಪುಟದ ಚೌಕಕ್ಕೆ ಇಳಿದ ಮೇಲೆ ಅದು ಆ ಪುಟದ ಭಾಗವೇ, ಪುಟವನ್ನು ಓದಬಲ್ಲ ಎಕ್ಸ್‌ಟೆನ್ಷನ್ ಅದನ್ನೂ ಓದುತ್ತದೆ. ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಇದನ್ನು ಪ್ರಯೋಗದಿಂದಲೇ ತೋರಿಸಿದರು. ಪಾಸ್‌ವರ್ಡ್ ಚೌಕವನ್ನು ಓದಬಲ್ಲ ಒಂದು ಮಾದರಿ ಎಕ್ಸ್‌ಟೆನ್ಷನ್ ಕ್ರೋಮ್ ವೆಬ್ ಸ್ಟೋರಿನ ಪರಿಶೀಲನೆಯನ್ನು ದಾಟಿತು. ಯಾರಿಗೂ ಹಾನಿಯಾಗದಂತೆ ಅವರೇ ಅದನ್ನು ಬಳಿಕ ಹಿಂತೆಗೆದುಕೊಂಡರು.

ಅಧಿಕೃತ ಸ್ಟೋರಿನಿಂದಲೇ ಹಾಕಿಕೊಂಡಿದ್ದೇವೆ, ಲಕ್ಷಾಂತರ ಜನ ಬಳಸುತ್ತಾರೆ, ಆದ್ದರಿಂದ ಭಯವಿಲ್ಲ ಎಂಬ ವಾದ ಇಲ್ಲಿ ಸಹಜವಾಗಿ ಬರುತ್ತದೆ. ಈ ವಾದಕ್ಕೆ ಉತ್ತರ ‘ದಿ ಗ್ರೇಟ್ ಸಸ್ಪೆಂಡರ್’ ಎಂಬ ಎಕ್ಸ್‌ಟೆನ್ಷನ್‌ನ ಕಥೆಯಲ್ಲಿದೆ. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಕಂಪ್ಯೂಟರಿನ ಮೆಮೊರಿ ಉಳಿಸುತ್ತಿದ್ದ, ಕೋಡ್ ಎಲ್ಲರಿಗೂ ತೆರೆದಿದ್ದ, 20 ಲಕ್ಷಕ್ಕೂ ಹೆಚ್ಚು ಬಳಕೆದಾರರಿದ್ದ ಒಳ್ಳೆಯ ಸಾಧನ ಅದು. 2020ರ ಜೂನ್‌ನಲ್ಲಿ ಅದನ್ನು ಬರೆದವರು ಗುರುತು ತಿಳಿಸದ ಖರೀದಿದಾರರಿಗೆ ಒಪ್ಪಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಆವೃತ್ತಿ ಹೊರಗಿನ ಸರ್ವರಿನಿಂದ ಕೋಡ್ ತರಿಸಿಕೊಂಡು ಓಡಿಸತೊಡಗಿತ್ತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಸ್ಟೋರಿನಿಂದ ತೆಗೆದುದಷ್ಟೇ ಅಲ್ಲ, ಬಳಕೆದಾರರ ಕಂಪ್ಯೂಟರುಗಳಲ್ಲೂ ನಿಷ್ಕ್ರಿಯಗೊಳಿಸಿತು. ಇಲ್ಲಿ ಬಳಕೆದಾರರು ಯಾವ ತಪ್ಪನ್ನೂ ಮಾಡಿರಲಿಲ್ಲ. ಎಕ್ಸ್‌ಟೆನ್ಷನ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ಹೊಸದೊಂದು ಅನುಮತಿ ಬೇಕಾದಾಗ ಮಾತ್ರ ಬ್ರೌಸರ್ ತಡೆದು ನಮ್ಮನ್ನು ಕೇಳುತ್ತದೆ. ಎಲ್ಲ ತಾಣಗಳನ್ನೂ ಓದುವ ಅನುಮತಿ ಮೊದಲೇ ಕೈಯಲ್ಲಿದ್ದರೆ ಒಡೆಯ ಬದಲಾದರೂ ಉದ್ದೇಶ ಬದಲಾದರೂ ಪರದೆಯ ಮೇಲೆ ಯಾವ ಸೂಚನೆಯೂ ಮೂಡುವುದಿಲ್ಲ. ಮಾರಾಟವೇ ಆಗಬೇಕೆಂದೂ ಇಲ್ಲ. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಕಂಪನಿಯ ಸಿಬ್ಬಂದಿಯೊಬ್ಬರನ್ನು ನಕಲಿ ಮಿಂಚಂಚೆಯಿಂದ ಮೋಸಗೊಳಿಸಿ, ಆ ಕಂಪನಿಯ ಎಕ್ಸ್‌ಟೆನ್ಷನ್‌ಗೆ ಕಳ್ಳ ಆವೃತ್ತಿಯೊಂದನ್ನು ಸೇರಿಸಲಾಯಿತು. ಕ್ರಿಸ್ಮಸ್ ದಿನ ಹೊರಬಿದ್ದ ಆ ಆವೃತ್ತಿ ಸುಮಾರು ಒಂದು ದಿನ ಚಲಾವಣೆಯಲ್ಲಿತ್ತು. ಅದು ಫೇಸ್‌ಬುಕ್ ಜಾಹೀರಾತು ಖಾತೆಗಳ ಲಾಗಿನ್ ಕುಕೀಗಳಿಗೆ ಕಣ್ಣುಹಾಕಿತ್ತು. ಹೀಗಾಗಿ ಸ್ಥಾಪಿಸಿದ ದಿನ ಎಕ್ಸ್‌ಟೆನ್ಷನ್ ಒಳ್ಳೆಯದಿತ್ತು ಎಂಬುದು ಇಂದಿನ ಸ್ಥಿತಿಗೆ ಸಾಕ್ಷಿಯಾಗದು. ಬಳಸದೆ ಬಿದ್ದಿರುವ ಎಕ್ಸ್‌ಟೆನ್ಷನ್ ತೆಗೆಯಲು ಇದೊಂದೇ ಕಾರಣ ಸಾಕು.

ಹಾಗಾದರೆ ಎಲ್ಲವನ್ನೂ ಕಿತ್ತುಹಾಕಬೇಕೇ? ಬೇಡ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗಳನ್ನು ಬಳಸುವಂತೆ ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಸಾರ್ವಜನಿಕರಿಗೆ ಸಲಹೆ ಕೊಟ್ಟಿತ್ತು. ಹುಡುಕಾಟದ ಫಲಿತಾಂಶಗಳಲ್ಲಿ ಜಾಹೀರಾತಿನ ರೂಪದಲ್ಲಿ ಬರುವ ನಕಲಿ ತಾಣಗಳು ಅಷ್ಟು ಹೆಚ್ಚಿದ್ದವು. ಕನ್ನಡದಲ್ಲಿ ಟೈಪ್ ಮಾಡಲು ನೆರವಾಗುವ ಎಕ್ಸ್‌ಟೆನ್ಷನ್‌ಗಳೂ ಹಲವರಿಗೆ ಬೇಕು, ಅವು ಪುಟದಲ್ಲಿ ಅಕ್ಷರ ಮೂಡಿಸಬೇಕಾದ್ದರಿಂದ ದೊಡ್ಡ ಅನುಮತಿ ಕೇಳುವುದು ಅಸಹಜವಲ್ಲ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇರುವಾಗ ಅವುಗಳ ಅಗತ್ಯ ಎಷ್ಟು ಎಂದು ಕೇಳಿಕೊಳ್ಳುವುದು ಮಾತ್ರ ಒಳ್ಳೆಯದು. ಉಳಿಸಿಕೊಳ್ಳುವ ಎಕ್ಸ್‌ಟೆನ್ಷನ್‌ಗೆ ಮಿತಿ ಹಾಕಲು ದಾರಿಯಿದೆ. `chrome://extensions` ತೆರೆದು Details ಒತ್ತಿದರೆ Site access ಎಂಬ ಭಾಗ ಸಿಗುತ್ತದೆ. ಅಲ್ಲಿ On all sites ಎಂದಿರುವುದನ್ನು On click ಎಂದು ಬದಲಿಸಿದರೆ, ನೀವು ಅದರ ಗುರುತಿನ ಮೇಲೆ ಒತ್ತಿದಾಗಷ್ಟೇ ಆ ಎಕ್ಸ್‌ಟೆನ್ಷನ್ ತೆರೆದ ಪುಟವನ್ನು ಓದಬಲ್ಲದು.

ತೆಗೆಯುವ ಕ್ರಮ ಸಾಮಾನ್ಯವಾಗಿ ಸರಳ: ಅದೇ ಪುಟದಲ್ಲಿ Remove ಒತ್ತಿದರೆ ಮುಗಿಯಿತು. ತೊಡಕು ಬರುವುದು ಆ ಗುಂಡಿಯೇ ಕಾಣದಿದ್ದಾಗ, ಅಥವಾ ತೆಗೆದದ್ದು ಮರುದಿನ ಮತ್ತೆ ಬಂದು ಕೂತಾಗ. ಒಂದು ಸಂದರ್ಭವನ್ನು ವಿವರವಾಗಿ ನೋಡೋಣ. ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ಹುಡುಕುವ ಪುಟ ತಾನಾಗಿ ಬದಲಾಗಿದೆ, ಕ್ರೋಮ್‌ನ ಮೆನುವಿನ ತಳದಲ್ಲಿ “Managed by your organization” ಎಂದು ಬರುತ್ತಿದೆ ಎಂದುಕೊಳ್ಳಿ. ಕಚೇರಿಯ ಕಂಪ್ಯೂಟರಾಗಿದ್ದರೆ ಈ ಮಾತು ಸಹಜ, ಅದನ್ನು ಕೆದಕಬಾರದು. ಸ್ವಂತ ಕಂಪ್ಯೂಟರಿನಲ್ಲಿ ಹೀಗೆ ಬಂದರೆ ಯಾವುದೋ ಪ್ರೋಗ್ರಾಂ ಕಂಪನಿಗಳಿಗೆಂದು ಇರುವ ‘ನೀತಿ’ ಸೌಲಭ್ಯವನ್ನು ದುರ್ಬಳಕೆ ಮಾಡಿಕೊಂಡಿರುವ ಸಾಧ್ಯತೆ ಇದೆ. (ಕೆಲವು ಆಂಟಿವೈರಸ್‌ಗಳೂ ಇಂಥ ನೀತಿ ಬರೆಯುವುದುಂಟು, ಆದ್ದರಿಂದ ಓದದೆ ಅಳಿಸಬಾರದು.) `chrome://policy` ಪುಟ ತೆರೆದರೆ ಜಾರಿಯಲ್ಲಿರುವ ನೀತಿಗಳ ಪಟ್ಟಿ ಕಾಣುತ್ತದೆ. ಅದರಲ್ಲಿ `ExtensionInstallForcelist` ಎಂಬ ಹೆಸರಿದ್ದರೆ ಕಳ್ಳ ಸಿಕ್ಕಂತೆ. ಅದರ ಮುಂದೆ 32 ಅಕ್ಷರಗಳ ಗುರುತೊಂದು ಇರುತ್ತದೆ. `chrome://extensions` ಪುಟದಲ್ಲಿ Developer mode ಆನ್ ಮಾಡಿ ಪ್ರತಿ ಎಕ್ಸ್‌ಟೆನ್ಷನ್‌ನ ಗುರುತಿನೊಂದಿಗೆ ಹೋಲಿಸಿದರೆ ಯಾವುದೆಂದು ತಿಳಿಯುತ್ತದೆ. ಈ ನೀತಿ ಇರುವುದು ವಿಂಡೋಸ್ ರಿಜಿಸ್ಟ್ರಿಯಲ್ಲಿ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಮೊದಲು ಓದಿ, ಖಚಿತವಾದ ಮೇಲೆ ಆ ಪಟ್ಟಿಯನ್ನಷ್ಟೇ ಅಳಿಸಬೇಕು:

```
reg query "HKLM\SOFTWARE\Policies\Google\Chrome" /s
reg delete "HKLM\SOFTWARE\Policies\Google\Chrome\ExtensionInstallForcelist"
```

ಮೊದಲ ಸಾಲಿನಲ್ಲಿ ಏನೂ ಸಿಗದಿದ್ದರೆ `HKLM` ಬದಲಿಗೆ `HKCU` ಹಾಕಿ ನೋಡಬೇಕು. ಆಮೇಲೆ `chrome://policy` ಪುಟದಲ್ಲಿ Reload policies ಒತ್ತಿದರೆ ಆ ಸಾಲು ಮಾಯವಾಗಿರಬೇಕು, ಆ ಎಕ್ಸ್‌ಟೆನ್ಷನ್ ತಾನಾಗಿಯೇ ಹೋಗಿರಬೇಕು ಅಥವಾ Remove ಗುಂಡಿ ಮರಳಿರಬೇಕು. ಇನ್ನೊಂದು ಪರೀಕ್ಷೆ ಬಾಕಿ ಇದೆ: ಕಂಪ್ಯೂಟರನ್ನು ಮರುಚಾಲನೆ ಮಾಡಿ ಅದೇ ಪುಟವನ್ನು ಮತ್ತೆ ನೋಡುವುದು. ನೀತಿ ಮತ್ತೆ ಬಂದಿದ್ದರೆ ಅದನ್ನು ಬರೆಯುತ್ತಿರುವ ಪ್ರೋಗ್ರಾಂ ವಿಂಡೋಸ್‌ನಲ್ಲಿ ಇನ್ನೂ ಜೀವಂತವಾಗಿದೆ ಎಂದರ್ಥ. ಆಗ ವಿಂಡೋಸ್‌ನ Installed apps ಪಟ್ಟಿಯನ್ನು ಸ್ಥಾಪಿಸಿದ ದಿನಾಂಕದ ಪ್ರಕಾರ ಜೋಡಿಸಿ, ತೊಂದರೆ ಶುರುವಾದ ದಿನಗಳಲ್ಲಿ ಬಂದದ್ದನ್ನು ತೆಗೆಯಬೇಕು, ಡಿಫೆಂಡರ್‌ನಿಂದ ಪೂರ್ಣ ಸ್ಕ್ಯಾನ್ ಮಾಡಿಸಬೇಕು.

ಇಂಥ ಸಂದರ್ಭದಲ್ಲಿ ಬಹುತೇಕರು ಮಾಡುವುದು ಬೇರೆ. ಕ್ರೋಮ್ ಅನ್ನೇ ಅನ್‌ಇನ್‌ಸ್ಟಾಲ್ ಮಾಡಿ ಹೊಸದಾಗಿ ಹಾಕುತ್ತಾರೆ. ಇದರಿಂದ ನೀತಿಯ ತೊಂದರೆ ಹೋಗುವುದಿಲ್ಲ, ಏಕೆಂದರೆ ಅದು ರಿಜಿಸ್ಟ್ರಿಯಲ್ಲಿದೆ. ನೀತಿಯಿಲ್ಲದ ಸಾಮಾನ್ಯ ಎಕ್ಸ್‌ಟೆನ್ಷನ್ ಕೂಡ ಹೋಗದಿರಬಹುದು: ಅದರ ಹೆಸರು ಖಾತೆಯಲ್ಲಿ ಉಳಿದಿರುತ್ತದೆ, ಮತ್ತೆ ಲಾಗಿನ್ ಆದೊಡನೆ ಸಿಂಕ್ ಅದನ್ನು ನಿಷ್ಠೆಯಿಂದ ತಂದು ಹಾಕುತ್ತದೆ. ಬ್ರೌಸರನ್ನು ಕಿತ್ತಾಗ ಸಿಂಕ್‌ಗೆ ಯಾವ ಅಳಿಸುವಿಕೆಯ ಸುದ್ದಿಯೂ ಹೋಗಿರುವುದಿಲ್ಲ. Remove ಒತ್ತಿದಾಗ ಮಾತ್ರ ಹೋಗುತ್ತದೆ. ಆದ್ದರಿಂದ ಎಕ್ಸ್‌ಟೆನ್ಷನ್ ಅನ್ನು ಬ್ರೌಸರಿನೊಳಗಿನಿಂದಲೇ ತೆಗೆಯಬೇಕು, ಸಿಂಕ್ ಚಾಲ್ತಿಯಲ್ಲಿರುವಾಗಲೇ ತೆಗೆಯಬೇಕು, ಅದೇ ಖಾತೆಯ ಇನ್ನೊಂದು ಕಂಪ್ಯೂಟರಿನಲ್ಲೂ ಅದು ಹೋಗಿದೆಯೇ ಎಂದು ನೋಡಬೇಕು. ಸೆಟ್ಟಿಂಗ್ಸ್‌ನಲ್ಲಿರುವ Reset settings ಕೂಡ ಪೂರ್ಣ ಪರಿಹಾರವಲ್ಲ. ಅದು ಎಕ್ಸ್‌ಟೆನ್ಷನ್‌ಗಳನ್ನು ನಿಷ್ಕ್ರಿಯಗೊಳಿಸುತ್ತದೆ, ತೆಗೆಯುವುದಿಲ್ಲ. ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳನ್ನು ಮಾತ್ರ ಮುಟ್ಟದೆ ಬಿಡುತ್ತದೆ ಎಂಬುದು ಸಮಾಧಾನದ ಸಂಗತಿ.

ಎಕ್ಸ್‌ಟೆನ್ಷನ್ ಹೋಯಿತು ಎಂದು ಖಚಿತವಾದ ಮೇಲೆಯೇ ಪಾಸ್‌ವರ್ಡ್‌ಗಳ ಸರದಿ. ಎಲ್ಲ ತಾಣಗಳನ್ನೂ ಓದುವ ಅನುಮತಿ ಅದಕ್ಕಿದ್ದರೆ, ಅದು ಇದ್ದ ಅವಧಿಯಲ್ಲಿ ನೀವು ಬಳಸಿದ ಪಾಸ್‌ವರ್ಡ್‌ಗಳೆಲ್ಲ ಬಯಲಾಗಿವೆ ಎಂದೇ ಎಣಿಸಬೇಕು. ಕಂಪ್ಯೂಟರಿನ ಬಗ್ಗೆ ಅನುಮಾನ ಉಳಿದಿದ್ದರೆ ಬದಲಾವಣೆಯನ್ನು ಫೋನಿನಲ್ಲಿ ಮಾಡುವುದು ಸುರಕ್ಷಿತ. ಆಂಡ್ರಾಯ್ಡ್ ಫೋನಿನ ಕ್ರೋಮ್ ಎಕ್ಸ್‌ಟೆನ್ಷನ್‌ಗಳನ್ನು ಓಡಿಸುವುದಿಲ್ಲ, ಆದ್ದರಿಂದ ಕಂಪ್ಯೂಟರಿನ ಸೋಂಕು ಸಿಂಕ್ ಮೂಲಕ ಅಲ್ಲಿಗೆ ದಾಟುವುದಿಲ್ಲ. ಮೊದಲು ಬದಲಿಸಬೇಕಾದ್ದು ಮಿಂಚಂಚೆಯ ಪಾಸ್‌ವರ್ಡ್. ಬೇರೆಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತೆ’ ಕೊಂಡಿಗಳು ಬರುವುದು ಅಲ್ಲಿಗೆ. ಆಮೇಲೆ ಬ್ಯಾಂಕು, ನಂತರ ಉಳಿದವು. ಪಾಸ್‌ವರ್ಡ್ ಬದಲಿಸಿದರಷ್ಟೇ ಸಾಲದು. ಸೈಬರ್‌ಹೇವನ್ ಪ್ರಕರಣದಲ್ಲಿ ಕಳ್ಳರು ಬಯಸಿದ್ದು ಕುಕೀಗಳನ್ನು. ಲಾಗಿನ್ ಆದ ಕುಕೀ ಕೈಯಲ್ಲಿದ್ದವರಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಆದ್ದರಿಂದ ಪ್ರತಿ ಮುಖ್ಯ ಖಾತೆಯಲ್ಲೂ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡುವ ಆಯ್ಕೆಯನ್ನು ಹುಡುಕಿ ಬಳಸಬೇಕು. ಹಣ ಹೋಗಿರುವುದು ಕಂಡರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಅದು ಸೈಬರ್ ಹಣಕಾಸು ವಂಚನೆ ವರದಿ ಮಾಡುವ ರಾಷ್ಟ್ರೀಯ ಸಹಾಯವಾಣಿ.

ಇಷ್ಟೆಲ್ಲ ಅಪಾಯವಿದ್ದರೆ ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸುವುದೇ ತಪ್ಪಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿಂಡೋಸ್‌ನಲ್ಲಿ ಕ್ರೋಮ್ ತನ್ನ ಪಾಸ್‌ವರ್ಡ್ ಕಡತವನ್ನು ವಿಂಡೋಸ್ ಬಳಕೆದಾರನ ಖಾತೆಗೆ ಕಟ್ಟಿದ ಕೀಲಿಯಿಂದ ಗೂಢಲಿಪಿಗೊಳಿಸುತ್ತದೆ. ಹಾಗಾಗಿ ಕಂಪ್ಯೂಟರ್ ಕದ್ದು ಹಾರ್ಡ್ ಡಿಸ್ಕ್ ಬಿಚ್ಚಿದವನಿಗೆ ಅದು ಸುಲಭವಾಗಿ ದಕ್ಕದು, ಆದರೆ ನಿಮ್ಮ ಹೆಸರಿನಲ್ಲೇ ಓಡುವ ದುಷ್ಟ ಪ್ರೋಗ್ರಾಂಗೆ ಬಹುಕಾಲ ದಕ್ಕುತ್ತಿತ್ತು. ಕುಕೀಗಳಿಂದ ಶುರುಮಾಡಿ ಈ ರಂಧ್ರವನ್ನು ಮುಚ್ಚಲು ಗೂಗಲ್ 2024ರಲ್ಲಿ, ಕ್ರೋಮ್ 127ರಲ್ಲಿ, ಹೆಚ್ಚುವರಿ ಬೀಗ ತಂದಿತು. ಅದನ್ನು ದಾಟುವ ಪ್ರಯತ್ನಗಳೂ ಅಷ್ಟೇ ಬೇಗ ಕಾಣಿಸಿಕೊಂಡವು. ಅಂದರೆ ದೌರ್ಬಲ್ಯ ನಿಜ. ಆದರೆ ಹೋಲಿಸಬೇಕಾದ್ದು ಆದರ್ಶ ಸ್ಥಿತಿಯೊಂದಿಗಲ್ಲ, ಜನ ನಿಜವಾಗಿ ಏನು ಮಾಡುತ್ತಾರೆ ಎಂಬುದರೊಂದಿಗೆ. ನೆನಪನ್ನೇ ನಂಬಿದವರು ಒಂದೇ ಪಾಸ್‌ವರ್ಡನ್ನು ಹತ್ತು ಕಡೆ ಬಳಸುತ್ತಾರೆ. ಅವುಗಳಲ್ಲಿ ಯಾವುದೋ ಒಂದು ಸಣ್ಣ ತಾಣದಿಂದ ಸೋರಿದರೆ ಹತ್ತೂ ಹೋಗುತ್ತವೆ. ಬ್ರೌಸರ್ ಪ್ರತಿ ತಾಣಕ್ಕೂ ಬೇರೆ, ಉದ್ದನೆಯ ಪಾಸ್‌ವರ್ಡ್ ಹುಟ್ಟಿಸಿ ನೆನಪಿಟ್ಟುಕೊಳ್ಳುತ್ತದೆ. ಅದಕ್ಕಿಂತ ಮಿಗಿಲಾಗಿ, ಅದು ವಿಳಾಸವನ್ನು ಅಕ್ಷರ ಬಿಡದೆ ಹೋಲಿಸುತ್ತದೆ. ಬ್ಯಾಂಕಿನ ನಕಲಿ ಪುಟ ನಮ್ಮ ಕಣ್ಣಿಗೆ ಅಸಲಿಯಂತೆಯೇ ಕಂಡರೂ ವಿಳಾಸ ಬೇರೆಯಾದ್ದರಿಂದ ಬ್ರೌಸರ್ ಪಾಸ್‌ವರ್ಡ್ ತುಂಬುವುದಿಲ್ಲ. ಸದಾ ತಾನಾಗಿ ತುಂಬಿಕೊಳ್ಳುವ ಚೌಕ ಒಂದು ದಿನ ಖಾಲಿಯಿದ್ದರೆ, ಪಾಸ್‌ವರ್ಡನ್ನು ಕೈಯಿಂದ ಹಾಕುವ ಮುನ್ನ ವಿಳಾಸವನ್ನು ಓದಬೇಕು. ಈ ಎಲ್ಲ ಕಾರಣಗಳಿಂದ ನನ್ನ ತೀರ್ಮಾನ ಉಳಿಸುವುದರ ಪರವಾಗಿದೆ. ಎರಡು ಷರತ್ತುಗಳುಂಟು: ಕಂಪ್ಯೂಟರಿಗೆ ಲಾಗಿನ್ ಪಿನ್ ಇರಬೇಕು, ಎಕ್ಸ್‌ಟೆನ್ಷನ್‌ಗಳು ಬೆರಳೆಣಿಕೆಯಷ್ಟೇ ಇರಬೇಕು. ಫೈರ್‌ಫಾಕ್ಸ್ ಬಳಸುವವರು ಇದರೊಂದಿಗೆ Primary Password ಕೂಡ ಇಟ್ಟುಕೊಳ್ಳಬೇಕು, ಅದಿಲ್ಲದಿದ್ದರೆ ಪ್ರೊಫೈಲ್ ಫೋಲ್ಡರಿನ `logins.json` ಮತ್ತು `key4.db` ಎಂಬ ಎರಡು ಕಡತಗಳನ್ನು ನಕಲು ಮಾಡಿಕೊಂಡವನಿಗೆ ಎಲ್ಲವೂ ತೆರೆದುಕೊಳ್ಳುತ್ತದೆ.

`chrome://password-manager` ಪುಟದ Checkup ಸೋರಿಕೆಯಾದ, ಮರುಬಳಕೆಯಾದ, ದುರ್ಬಲವಾದ ಪಾಸ್‌ವರ್ಡ್‌ಗಳನ್ನು ಬೇರೆ ಬೇರೆಯಾಗಿ ತೋರಿಸುತ್ತದೆ. ಸೋರಿಕೆಯಾದವನ್ನು ಮೊದಲು, ಮರುಬಳಕೆಯಾದವನ್ನು ನಂತರ ಬದಲಿಸಬೇಕು. ಅದೇ ಪುಟದ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್‌ಗಳನ್ನು ಕಡತವಾಗಿ ಹೊರತೆಗೆಯಬಹುದು, ಬೇರೆ ಬ್ರೌಸರಿಗೆ ಹೋಗುವಾಗ ಅದು ಬೇಕಾಗುತ್ತದೆ. ಹಾಗೆ ಸಿಗುವ ಸಿಎಸ್‌ವಿ ಕಡತದಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಯಾವ ರಕ್ಷಣೆಯೂ ಇಲ್ಲದೆ ಬರಿಗಣ್ಣಿಗೆ ಓದಿಸಿಕೊಳ್ಳುವಂತೆ ಇರುತ್ತವೆ. ಅದನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಬಾರದು, ಒನ್‌ಡ್ರೈವ್‌ಗೆ ತಾನಾಗಿ ಏರುವ ಡೆಸ್ಕ್‌ಟಾಪ್‌ನಲ್ಲಿ ಇಡಬಾರದು. ಆಮದು ಮುಗಿದ ಕೂಡಲೇ ಅಳಿಸಿ ರಿಸೈಕಲ್ ಬಿನ್ನನ್ನೂ ಖಾಲಿ ಮಾಡಬೇಕು.

ಇನ್ನು ಬುಕ್‌ಮಾರ್ಕ್. ಪಾಸ್‌ವರ್ಡ್‌ನಷ್ಟು ಭಯ ಇಲ್ಲಿಲ್ಲ, ಆದರೆ ಜನ ನಿಜವಾಗಿ ಕಳೆದುಕೊಂಡು ಪರಿತಪಿಸುವುದು ಇದನ್ನೇ. ಕಾರಣ ಒಂದು ತಪ್ಪು ಕಲ್ಪನೆ: ಸಿಂಕ್ ಇದೆಯಲ್ಲ, ಆದ್ದರಿಂದ ಬ್ಯಾಕಪ್ ಇದೆ ಎಂಬುದು. ಬ್ಯಾಕಪ್ ಹಿಂದಿನ ಸ್ಥಿತಿಯನ್ನು ಹಾಗೆಯೇ ಉಳಿಸುತ್ತದೆ. ಸಿಂಕ್ ಈಗಿನ ಸ್ಥಿತಿಯನ್ನು ಎಲ್ಲ ಕಡೆಗೂ ಹರಡುತ್ತದೆ. ಕಂಪ್ಯೂಟರಿನಲ್ಲಿ ‘ಭೂಮಿ’, ‘ಸೇವಾಸಿಂಧು’, ಕಂದಾಯ, ವಿದ್ಯುತ್ ಬಿಲ್ಲುಗಳ ಪುಟಗಳಿದ್ದ ಫೋಲ್ಡರೊಂದನ್ನು ಕೈತಪ್ಪಿ ಅಳಿಸಿದರೆ, ಕೆಲವೇ ಕ್ಷಣಗಳಲ್ಲಿ ಅದು ಫೋನಿನಿಂದಲೂ ಹೋಗುತ್ತದೆ. ಅದು ಸಿಂಕ್‌ನ ದೋಷವಲ್ಲ, ಅದರ ಕೆಲಸವೇ ಅದು. ಸಿಂಕ್ ಸೇವೆಗಳೇ ಮುಚ್ಚುವುದೂ ಉಂಟು. 2006ರಲ್ಲಿ ಫಾಕ್ಸ್‌ಮಾರ್ಕ್ಸ್ ಎಂಬ ಹೆಸರಿನಲ್ಲಿ ಶುರುವಾಗಿ, ಬೇರೆ ಬೇರೆ ಬ್ರೌಸರುಗಳ ನಡುವೆಯೂ ಬುಕ್‌ಮಾರ್ಕ್ ಹೊಂದಿಸುತ್ತಿದ್ದ ಎಕ್ಸ್‌ಮಾರ್ಕ್ಸ್ 2018ರ ಮೇ 1ರಂದು ನಿಂತುಹೋಯಿತು.

ಅಳಿಸಿದ್ದು ಆಗಲೇ ಗೊತ್ತಾದರೆ ಉಪಾಯ ಸುಲಭ. `chrome://bookmarks` ಪುಟದಲ್ಲೇ ಇದ್ದು Ctrl+Z ಒತ್ತಿದರೆ ಫೋಲ್ಡರ್ ಮರಳುತ್ತದೆ, ಆ ಮರಳಿದ ಸುದ್ದಿಯೂ ಸಿಂಕ್ ಆಗುತ್ತದೆ. ತಡವಾಗಿ ಗೊತ್ತಾದರೆ ಪ್ರೊಫೈಲ್ ಫೋಲ್ಡರಿನಲ್ಲಿ, ಅಂದರೆ ಸಾಮಾನ್ಯವಾಗಿ `%LOCALAPPDATA%\Google\Chrome\User Data\Default` ಎಂಬಲ್ಲಿ, `Bookmarks` ಕಡತದ ಪಕ್ಕ ಇರುವ `Bookmarks.bak` ಮೇಲೆ ಆಸೆ ಇಡಬಹುದು. ಅದು ಒಂದೇ ಒಂದು ಹಿಂದಿನ ಪ್ರತಿ, ಕ್ರೋಮ್ ಮತ್ತೆ ತೆರೆದಾಗ ಅದರ ಮೇಲೆ ಹೊಸದು ಬರೆಯಲ್ಪಡಬಹುದು. ಆದ್ದರಿಂದ ಮೊದಲು ಕ್ರೋಮ್ ಮುಚ್ಚಿ, ಎರಡೂ ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಬೇಕು. ಆಮೇಲೆ ಇಂಟರ್ನೆಟ್ ಸಂಪರ್ಕ ಕಡಿದು, `.bak` ಪ್ರತಿಯನ್ನು `Bookmarks` ಎಂಬ ಹೆಸರಿನಲ್ಲಿ ಇಟ್ಟು ಕ್ರೋಮ್ ತೆರೆಯಬೇಕು. ಹಳೆಯ ಬುಕ್‌ಮಾರ್ಕ್‌ಗಳು ಕಂಡರೆ ಸಂಪರ್ಕ ಮರಳಿಸುವ ಮೊದಲೇ Export bookmarks ಆಯ್ಕೆಯಿಂದ ಅವನ್ನು ಎಚ್‌ಟಿಎಂಎಲ್ ಕಡತವಾಗಿ ಹೊರತೆಗೆಯಬೇಕು. ಇಂಟರ್ನೆಟ್ ಬಂದ ಮೇಲೆ ಸಿಂಕ್ ತನ್ನ ಅಳಿಸುವಿಕೆಯನ್ನು ಮತ್ತೆ ಜಾರಿಗೊಳಿಸಿದರೂ ಆ ಕಡತ ಉಳಿದಿರುತ್ತದೆ, ಅದನ್ನು ಆಮದು ಮಾಡಿಕೊಳ್ಳಬಹುದು. ಈ ವಿಷಯದಲ್ಲಿ ಫೈರ್‌ಫಾಕ್ಸ್ ಎಷ್ಟೋ ಮುಂದಿದೆ. ಅದು ಬುಕ್‌ಮಾರ್ಕ್‌ಗಳ ದಿನಾಂಕ ಹಾಕಿದ ಹಲವು ಪ್ರತಿಗಳನ್ನು ತಾನೇ ಇಟ್ಟುಕೊಳ್ಳುತ್ತದೆ. Ctrl+Shift+O ಒತ್ತಿ Import and Backup ಮೆನುವಿನ Restore ಗೆ ಹೋದರೆ ಬೇಕಾದ ದಿನವನ್ನು ಆರಿಸಬಹುದು. ಆ ದಿನದ ನಂತರ ಸೇರಿಸಿದವು ಹೋಗುತ್ತವೆ ಎಂಬುದಷ್ಟೇ ಎಚ್ಚರ.

ಬುಕ್‌ಮಾರ್ಕ್‌ಗಳು ಎರಡೆರಡಾಗುವುದು ಇದಕ್ಕೆ ವಿರುದ್ಧದ ತೊಂದರೆ. ತನ್ನದೇ ಬುಕ್‌ಮಾರ್ಕ್‌ಗಳಿರುವ ಕಂಪ್ಯೂಟರಿನಲ್ಲಿ ಮೊದಲ ಸಲ ಸಿಂಕ್ ಆರಂಭಿಸಿದಾಗ ಬ್ರೌಸರ್ ಎರಡೂ ಕಡೆಯವನ್ನು ಬೆರೆಸುತ್ತದೆ, ಯಾವುದನ್ನೂ ಅಳಿಸುವ ಧೈರ್ಯ ಮಾಡುವುದಿಲ್ಲ. ಈಗಾಗಲೇ ಸಿಂಕ್ ಆಗಿರುವ ಖಾತೆಗೆ ಎಚ್‌ಟಿಎಂಎಲ್ ಕಡತವನ್ನೂ ಆಮದು ಮಾಡಿದರೆ ಎಲ್ಲವೂ Imported ಎಂಬ ಫೋಲ್ಡರಿನಲ್ಲಿ ಇನ್ನೊಮ್ಮೆ ಬಂದು ಕೂರುತ್ತವೆ. ಆದ್ದರಿಂದ ಹೊಸ ಸಾಧನಕ್ಕೆ ಒಂದೇ ದಾರಿಯಿಂದ ತರಬೇಕು. ಸಿಂಕ್ ಇದ್ದರೆ ಆಮದು ಬೇಡ. ಆಮದು ಮಾಡುವುದಿದ್ದರೆ ಅದನ್ನು ಒಂದೇ ಸಾಧನದಲ್ಲಿ ಮಾಡಿ, ಉಳಿದವಕ್ಕೆ ಸಿಂಕ್ ತಲುಪಿಸಲಿ.

ಕೊನೆಯದಾಗಿ ಹಂಚಿಕೊಂಡ ಕಂಪ್ಯೂಟರುಗಳ ಮಾತು. ಅರ್ಜಿ ಸಲ್ಲಿಸಲು ಸೈಬರ್ ಸೆಂಟರಿಗೆ ಹೋದವರು ಜಿಮೇಲ್ ತೆರೆಯುವಾಗ, ಬ್ರೌಸರಿಗೂ ಸೈನ್ ಇನ್ ಆಗಬೇಕೇ ಎಂದು ಕ್ರೋಮ್ ಕೇಳುತ್ತದೆ. ಒಪ್ಪಿ ಸಿಂಕ್ ಶುರುಮಾಡಿದರೆ ಬುಕ್‌ಮಾರ್ಕ್‌ಗಳ ಜೊತೆಗೆ ಪಾಸ್‌ವರ್ಡ್‌ಗಳೂ ಆ ಕಂಪ್ಯೂಟರಿಗೆ ಇಳಿಯುತ್ತವೆ. ಅಲ್ಲಿ ಗೆಸ್ಟ್ ವಿಂಡೋ ಅಥವಾ ಇನ್‌ಕಾಗ್ನಿಟೊ ಬಳಸಿ, ಬ್ರೌಸರಿಗೆ ಸೈನ್ ಇನ್ ಆಗುವುದನ್ನು ನಿರಾಕರಿಸಿ. ಈಗಾಗಲೇ ಹಾಗೆ ಆಗಿಹೋಗಿದ್ದರೆ ಫೋನಿನಿಂದ ಗೂಗಲ್ ಖಾತೆಯ Your devices ಪಟ್ಟಿ ತೆರೆದು ಆ ಕಂಪ್ಯೂಟರನ್ನು ಸೈನ್ ಔಟ್ ಮಾಡಿ. ಅದರಿಂದ ಮುಂದಿನ ಸಿಂಕ್ ನಿಲ್ಲುತ್ತದೆ. ಅಲ್ಲಿಗೆ ಇಳಿದಿರುವ ಪಾಸ್‌ವರ್ಡ್‌ಗಳು ಅಳಿಯುತ್ತವೆಂಬ ಖಾತರಿಯಿಲ್ಲ, ಆದ್ದರಿಂದ ಅವನ್ನು ಬದಲಿಸಲೇಬೇಕು.